ಗೆದ್ದ ಹಣಕ್ಕೆ ತೆರಿಗೆ ಉಂಟು, ಸೋತ ಟಿಕೆಟ್‌ಗೆ ಲೆಕ್ಕವಿಲ್ಲ

2024ರ ಅಕ್ಟೋಬರ್‌ನಲ್ಲಿ ಕೇರಳ ಸರ್ಕಾರದ ತಿರುವೋಣಂ ಬಂಪರ್ ಲಾಟರಿಯ ಮೊದಲ ಬಹುಮಾನ ಗಡಿ ದಾಟಿ ಮಂಡ್ಯ ಜಿಲ್ಲೆಗೆ ಬಂತು. ಬಹುಮಾನದ ಮೊತ್ತ 25 ಕೋಟಿ ರೂಪಾಯಿ, ಟಿಕೆಟ್‌ನ ಬೆಲೆ 500 ರೂಪಾಯಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ನಿಷೇಧವಾಗಿದೆ. ಆದರೂ ವಯನಾಡು, ಕಾಸರಗೋಡಿನ ಕಡೆ ಹೋದವರು ಟಿಕೆಟ್ ತಂದಿಟ್ಟುಕೊಳ್ಳುವುದು ಮೈಸೂರು, ಕೊಡಗು, ದಕ್ಷಿಣ ಕನ್ನಡದ ಜನರಿಗೆ ಹೊಸ ವಿಷಯವಲ್ಲ. ಸುದ್ದಿ ಬಂದ ದಿನ ಊರೂರುಗಳ ಹೋಟೆಲ್‌ಗಳಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಇಪ್ಪತ್ತೈದರಲ್ಲಿ ಕೈಗೆ ಎಷ್ಟು ಸಿಗುತ್ತದೆ?

ಉತ್ತರ ಹುಡುಕಲು ಕಷ್ಟವೇನಿಲ್ಲ, ಹಂತ ಹಂತವಾಗಿ ಕಳೆಯುತ್ತಾ ಹೋದರೆ ಸಾಕು. ಕೇರಳದ ಯೋಜನೆಯ ಪ್ರಕಾರ ಬಹುಮಾನದ ಶೇ 10ರಷ್ಟು ಟಿಕೆಟ್ ಮಾರಿದ ಏಜೆಂಟರ ಕಮಿಷನ್. 25 ಕೋಟಿಯಲ್ಲಿ ಎರಡೂವರೆ ಕೋಟಿ ಹೀಗೆ ಹೋದ ಮೇಲೆ ಉಳಿಯುವುದು 22.5 ಕೋಟಿ. ಅದರ ಮೇಲೆ ಶೇ 30ರಂತೆ 6.75 ಕೋಟಿಯನ್ನು ಲಾಟರಿ ಇಲಾಖೆಯೇ ಮೂಲದಲ್ಲಿ ಮುರಿದುಕೊಂಡು ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತದೆ. ವಿಜೇತರ ಬ್ಯಾಂಕ್ ಖಾತೆಗೆ ಬೀಳುವುದು 15.75 ಕೋಟಿ.

ಲೆಕ್ಕ ಇಲ್ಲಿಗೆ ಮುಗಿಯಿತೆಂದು ಬಹಳ ಜನ ತಿಳಿಯುತ್ತಾರೆ. ಮುಗಿದಿರುವುದಿಲ್ಲ. ಮೂಲದಲ್ಲಿ ಮುರಿಯುವಾಗ ಬರೀ ಶೇ 30 ಮುರಿಯುತ್ತಾರೆ. ದೊಡ್ಡ ಆದಾಯದವರು ಆ ತೆರಿಗೆಯ ಮೇಲೆ ಸರ್‌ಚಾರ್ಜ್ ಕಟ್ಟಬೇಕು, ಎರಡೂ ಸೇರಿದ ಮೊತ್ತದ ಮೇಲೆ ಶೇ 4ರಷ್ಟು ಸೆಸ್ ಕಟ್ಟಬೇಕು. ಇವನ್ನು ಕಟ್ಟುವ ಹೊಣೆ ಗೆದ್ದವರದು. ಐದು ಕೋಟಿ ಮೀರಿದ ಆದಾಯಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿ ಸರ್‌ಚಾರ್ಜ್ ಶೇ 37. ಹೊಸ ಪದ್ಧತಿಯಲ್ಲಿ ಅದು ಶೇ 25ಕ್ಕೆ ನಿಲ್ಲುತ್ತದೆ. ಆದ್ದರಿಂದ 22.5 ಕೋಟಿಯ ಮೇಲಿನ ಒಟ್ಟು ತೆರಿಗೆ ಹಳೆಯ ಪದ್ಧತಿಯಲ್ಲಿ ಸುಮಾರು 9.62 ಕೋಟಿ, ಹೊಸದರಲ್ಲಿ ಸುಮಾರು 8.78 ಕೋಟಿ. ಕೊನೆಗೆ ಕೈಯಲ್ಲಿ ಉಳಿಯುವುದು 12.88 ಕೋಟಿ ಅಥವಾ 13.72 ಕೋಟಿ. ಪದ್ಧತಿಯ ಆಯ್ಕೆಯೊಂದರಿಂದಲೇ 84 ಲಕ್ಷ ರೂಪಾಯಿಯ ವ್ಯತ್ಯಾಸ. ಖಾತೆಗೆ ಬಂದ 15.75 ಕೋಟಿಯೂ ತನ್ನದೇ ಎಂದುಕೊಂಡು ಜಮೀನು, ಕಾರು ಕೊಂಡು ಮುಗಿಸಿದವರು ಮುಂದೆ ಎರಡು ಕೋಟಿಗೂ ಹೆಚ್ಚು ಬಾಕಿಗಾಗಿ ಪರದಾಡಬೇಕಾಗುತ್ತದೆ.

ಈ ಲೆಕ್ಕದಲ್ಲಿ ಎಲ್ಲೂ ಕಾಣದ ಒಂದು ಮೊತ್ತವಿದೆ. ಅದು ಟಿಕೆಟ್‌ಗೆ ಕೊಟ್ಟ 500 ರೂಪಾಯಿ. ಕೋಟಿಗಳ ನಡುವೆ ಆ ಐನೂರನ್ನು ಯಾರೂ ನೆನೆಯುವುದಿಲ್ಲ, ನಿಜ. ಆದರೆ ಬಂಪರ್ ಹೊಡೆಯುವವರು ವರ್ಷಕ್ಕೆ ಬೆರಳೆಣಿಕೆಯಷ್ಟು. ಆಗಾಗ ಟಿಕೆಟ್ ಕೊಂಡು, ಆಗೊಮ್ಮೆ ಈಗೊಮ್ಮೆ ಸಾವಿರಗಳಲ್ಲಿ ಗೆಲ್ಲುವವರು ಲಕ್ಷಾಂತರ. ಅವರ ಮಟ್ಟಿಗೆ ಟಿಕೆಟ್‌ಗೆ ಹಾಕಿದ ದುಡ್ಡೇ ದೊಡ್ಡ ಖರ್ಚು. ಅದನ್ನು ಕಳೆಯಲು ಕಾನೂನು ಬಿಡುವುದಿಲ್ಲ.

ಒಂದು ಉದಾಹರಣೆ ಹಾಕಿ ನೋಡಬಹುದು. ವರ್ಷಕ್ಕೆ ಹತ್ತು ಲಕ್ಷ ಸಂಬಳದ ಒಬ್ಬ ನೌಕರ ತಿಂಗಳಿಗೆ 5,000 ರೂಪಾಯಿಯ ಟಿಕೆಟ್ ಕೊಳ್ಳುತ್ತಾನೆ ಎನ್ನೋಣ. ವರ್ಷಕ್ಕೆ 60,000 ಖರ್ಚು. ವರ್ಷದ ಕೊನೆಗೆ ಒಂದು ಟಿಕೆಟ್‌ಗೆ, ಕಮಿಷನ್ ಕಳೆದು, ಒಂದು ಲಕ್ಷ ಬಹುಮಾನ ಬಂತು. ಅವನ ಲೆಕ್ಕದಲ್ಲಿ ಲಾಭ 40,000. ಕಾನೂನಿನ ಲೆಕ್ಕದಲ್ಲಿ ಆದಾಯ ಪೂರ್ತಿ ಒಂದು ಲಕ್ಷ. ತೆರಿಗೆ 30,000, ಸೆಸ್ 1,200, ಒಟ್ಟು 31,200. ವರ್ಷವಿಡೀ ಆಡಿ ಉಳಿದದ್ದು 8,800 ರೂಪಾಯಿ. ಅವನು ಟಿಕೆಟ್‌ಗೆ ಹಾಕಿದ್ದು 70,000 ಆಗಿದ್ದರೆ, ಗೆದ್ದ ಮೇಲೂ 1,200 ರೂಪಾಯಿ ನಷ್ಟದಲ್ಲಿರುತ್ತಿದ್ದ. ಖರ್ಚು ಒಂದು ಲಕ್ಷ ಮೀರಿದ್ದರೆ ಲಾಭವೇ ಇಲ್ಲದ ವರ್ಷಕ್ಕೂ ಅಷ್ಟೇ 31,200 ತೆರಿಗೆ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. 2025-26ರಿಂದ ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ ಎಂಬುದು ಮನೆಮಾತಾಗಿದೆ. ಈ ನೌಕರನ ಸಂಬಳದ ಮೇಲೆ ತೆರಿಗೆ ಇಲ್ಲ ಎಂಬುದೂ ಸರಿಯೇ. ಆದರೆ ಆ ರಿಯಾಯಿತಿ ಲಾಟರಿ ಹಣಕ್ಕೆ ತಾಗುವುದಿಲ್ಲ. ವಿಶೇಷ ದರದ ಆದಾಯಕ್ಕೆ ಅದು ಅನ್ವಯಿಸದು ಎಂದು ಆ ವರ್ಷದ ಹಣಕಾಸು ಕಾಯ್ದೆ ಸ್ಪಷ್ಟಪಡಿಸಿದೆ. ತೆರಿಗೆಗೆ ಒಳಪಡದ ಮೂಲ ಮಿತಿಯೂ ಇಲ್ಲಿ ನೆರವಿಗೆ ಬರುವುದಿಲ್ಲ. ಬೇರೆ ಆದಾಯವೇ ಇಲ್ಲದ ಗೃಹಿಣಿ ಎರಡು ಲಕ್ಷ ಗೆದ್ದರೂ ಮೊದಲ ರೂಪಾಯಿಯಿಂದಲೇ ಶೇ 30. ವಿಮೆ, ಭವಿಷ್ಯ ನಿಧಿಗೆ ಕಟ್ಟಿದ್ದನ್ನು ಈ ಹಣದಲ್ಲಿ ಕಳೆಯುವಂತಿಲ್ಲ, ವ್ಯಾಪಾರದ ನಷ್ಟವನ್ನು ಇದರೊಂದಿಗೆ ವಜಾ ಮಾಡಿಕೊಳ್ಳುವಂತಿಲ್ಲ.

ಹೀಗೇಕೆ ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಕೇರಳ 1967ರಲ್ಲಿ ಲಾಟರಿ ಇಲಾಖೆ ತೆರೆದಾಗ ಟಿಕೆಟ್‌ನ ಬೆಲೆ ಒಂದು ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಆ ಹಣಕ್ಕೆ ಆಗ ಆದಾಯ ತೆರಿಗೆ ಇರಲಿಲ್ಲ. ಆಕಸ್ಮಿಕವಾಗಿ ಬಂದ, ಮತ್ತೆ ಮತ್ತೆ ಬರುವಂಥದ್ದಲ್ಲದ ಹಣ ಆದಾಯವೇ ಅಲ್ಲ ಎಂಬ ಹಳೆಯ ತತ್ವ ಕಾಯ್ದೆಯಲ್ಲಿತ್ತು. ಒಂದೊಂದೇ ರಾಜ್ಯ ಲಾಟರಿ ಶುರು ಮಾಡಿ, ಬಹುಮಾನಗಳು ಲಕ್ಷಕ್ಕೇರಿದ ಮೇಲೆ, 1972ರ ಹಣಕಾಸು ಕಾಯ್ದೆ ಆ ಬಾಗಿಲು ಮುಚ್ಚಿತು. ಲಾಟರಿ, ಪದಬಂಧ ಸ್ಪರ್ಧೆ, ಕುದುರೆ ರೇಸು, ಇಸ್ಪೀಟು, ಜೂಜು, ಬಾಜಿಗಳಲ್ಲಿ ಗೆದ್ದ ಹಣ ಆದಾಯದ ವ್ಯಾಖ್ಯೆಯೊಳಗೆ ಬಂತು.

ಆದರೆ ಆಗ ಬಂದದ್ದು ಇಂದಿನ ಏಕದರವಲ್ಲ. ಗೆದ್ದ ಹಣ ಉಳಿದ ಆದಾಯದ ಜೊತೆ ಸೇರಿ ಮಾಮೂಲಿ ಸ್ಲ್ಯಾಬ್‌ಗಳಲ್ಲಿ ತೆರಿಗೆಗೆ ಒಳಪಡುತ್ತಿತ್ತು. ಆ ಕಾಲದ ಸ್ಲ್ಯಾಬ್ ದರಗಳು ವಿಪರೀತ. ಅದಕ್ಕೆ ಪರಿಹಾರವಾಗಿ 80ಟಿಟಿ ಎಂಬ ಸೆಕ್ಷನ್ ಇತ್ತು. ಲಾಟರಿಯಲ್ಲಿ ಗೆದ್ದವರಿಗೆ ಮೊದಲ 5,000 ರೂಪಾಯಿ, ಉಳಿದದ್ದರಲ್ಲಿ ಅರ್ಧ, ಹೀಗೆ ಬಹುಮಾನದ ದೊಡ್ಡ ಭಾಗಕ್ಕೆ ವಿನಾಯಿತಿ ಸಿಗುತ್ತಿತ್ತು. ಅಂದರೆ ಖರ್ಚನ್ನು ಎಣಿಸುವ ಗೋಜಿಗೆ ಹೋಗದೆ, ಅಂದಾಜಿನ ಮೇಲೆ ಒಂದು ಭಾಗವನ್ನು ಬಿಟ್ಟುಕೊಡುತ್ತಿದ್ದರು.

1986ರ ಹಣಕಾಸು ಕಾಯ್ದೆ ಆ ವಿನಾಯಿತಿಯನ್ನು ತೆಗೆದುಹಾಕಿ ಅದರ ಜಾಗದಲ್ಲಿ ಎರಡು ನಿಯಮಗಳನ್ನು ಜೊತೆಯಾಗಿ ತಂದಿತು. ಮೊದಲನೆಯದು ಸೆಕ್ಷನ್ 115ಬಿಬಿ: ಗೆದ್ದವರು ಯಾರೇ ಇರಲಿ, ಅವರ ಉಳಿದ ಆದಾಯ ಎಷ್ಟೇ ಇರಲಿ, ಒಂದೇ ದರ. ಆಗ ಅದು ಶೇ 40 ಇತ್ತು. 2001ರ ಹಣಕಾಸು ಕಾಯ್ದೆ ಅದನ್ನು ಶೇ 30ಕ್ಕೆ ಇಳಿಸಿತು. ಎರಡನೆಯದು ಸೆಕ್ಷನ್ 58ರ 4ನೇ ಉಪವಿಭಾಗ: ಗೆದ್ದ ಹಣದಿಂದ ಯಾವ ಖರ್ಚನ್ನೂ, ಯಾವ ಭತ್ಯೆಯನ್ನೂ ಕಳೆಯುವಂತಿಲ್ಲ. ಈ ಎರಡನ್ನೂ ಒಟ್ಟಿಗೇ ಓದಿಕೊಳ್ಳಬೇಕು. ಸ್ಲ್ಯಾಬ್‌ನ ಮೇಲ್ದರದಿಂದ ಬಿಡುಗಡೆ ಕೊಟ್ಟ ಕಾಯ್ದೆ, ಬದಲಿಗೆ ಖರ್ಚಿನ ಹಕ್ಕನ್ನು ಕಿತ್ತುಕೊಂಡಿತು.

ಖರ್ಚು ಏಕೆ ಬೇಡ ಎಂಬುದಕ್ಕೆ ಟಿಕೆಟ್ಟನ್ನೇ ಕೈಯಲ್ಲಿ ಹಿಡಿದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಮಾರುವಾಗ ಅದರ ಮೇಲೆ ಸರಣಿ ಅಕ್ಷರ, ಸಂಖ್ಯೆ, ಡ್ರಾ ದಿನಾಂಕ, ಬೆಲೆ ಇರುತ್ತವೆ. ಕೊಂಡವರ ಹೆಸರು ಇರುವುದಿಲ್ಲ. ಗೆದ್ದ ಟಿಕೆಟ್‌ನ ಹಿಂದೆ ಹೆಸರು, ವಿಳಾಸ ಬರೆದು ಸಹಿ ಹಾಕಿ ಇಲಾಖೆಗೆ ಒಪ್ಪಿಸಿದಾಗಲಷ್ಟೇ ಅದಕ್ಕೆ ಒಬ್ಬ ಒಡೆಯ ಹುಟ್ಟುತ್ತಾನೆ. ಸೋತ ಟಿಕೆಟ್‌ಗೆ ಒಡೆಯನೇ ಇಲ್ಲ. ಫಲಿತಾಂಶ ಬಂದ ಸಂಜೆ ಅದು ಅಂಗಡಿಯ ಮುಂದೆ, ಬಸ್ ನಿಲ್ದಾಣದಲ್ಲಿ ಕಸವಾಗಿ ಬಿದ್ದಿರುತ್ತದೆ. ಸೋತ ಟಿಕೆಟ್‌ಗಳನ್ನು ಖರ್ಚೆಂದು ಒಪ್ಪಿಕೊಂಡಿದ್ದರೆ, ಹತ್ತು ಲಕ್ಷ ಗೆದ್ದವರು ಬೀದಿಯ ಕಸದಿಂದ ಹತ್ತು ಲಕ್ಷದ ಟಿಕೆಟ್ ಆರಿಸಿ ತಂದು ಅಧಿಕಾರಿಯ ಮೇಜಿನ ಮೇಲೆ ಸುರಿದು, ತನಗೆ ಲಾಭವೇ ಇಲ್ಲ ಎನ್ನಬಹುದಿತ್ತು. ಸುಳ್ಳೆಂದು ತೋರಿಸಲು ಅಧಿಕಾರಿಗೆ ಯಾವ ದಾರಿಯೂ ಇರುತ್ತಿರಲಿಲ್ಲ. ರೇಸ್‌ಕೋರ್ಸ್‌ನ ಸೋತ ಟಿಕೆಟ್‌ಗಳ ಗತಿಯೂ ಇದೇ.

ಉಳಿದರ್ಧ ಉತ್ತರ ತೆರಿಗೆಯ ತರ್ಕದಲ್ಲಿದೆ. ವ್ಯಾಪಾರಿಯ ಖರ್ಚನ್ನು ಕಾನೂನು ಒಪ್ಪುವುದು ಆ ಖರ್ಚಿನಿಂದಲೇ ಆದಾಯ ಹುಟ್ಟುತ್ತದೆ ಎಂಬ ಕಾರಣಕ್ಕೆ. ಅಕ್ಕಿ ಕೊಳ್ಳದೆ ಅಕ್ಕಿ ಮಾರಲಾಗದು. ಲಾಟರಿಯಲ್ಲಿ ಗೆದ್ದ ಟಿಕೆಟ್‌ಗೂ ಅದಕ್ಕೆ ಹಿಂದೆ ಸೋತ ನೂರು ಟಿಕೆಟ್‌ಗೂ ಸಂಬಂಧವಿಲ್ಲ. ಸೋತ ನೂರನ್ನು ಕೊಳ್ಳದಿದ್ದರೂ ಈ ಟಿಕೆಟ್ ಗೆಲ್ಲುತ್ತಿತ್ತು. ಜೊತೆಗೆ, ಸೋಲನ್ನು ಗೆಲುವಿನಲ್ಲಿ ಕಳೆಯಲು ಬಿಟ್ಟರೆ ಪ್ರತಿ ಸೋಲಿನ ಶೇ 30ರಷ್ಟನ್ನು ಸರ್ಕಾರವೇ ಹೊತ್ತಂತಾಗುತ್ತದೆ. ಆಗ ಜೂಜಿಗೆ ಖಜಾನೆಯಿಂದಲೇ ಆಸರೆ ಸಿಕ್ಕ ಹಾಗೆ.

ಪುರಾವೆಯೇ ಮುಖ್ಯ ಕಾರಣ ಎನ್ನುವುದಕ್ಕೆ ಅದೇ ಸೆಕ್ಷನ್ 58ರಲ್ಲಿ ಸಾಕ್ಷಿ ಇದೆ. ಖರ್ಚು ಬೇಡ ಎಂದ ಕೂಡಲೇ ಅದು ಒಬ್ಬರನ್ನು ಹೊರಗಿಡುತ್ತದೆ: ರೇಸ್ ಕುದುರೆ ಸಾಕಿರುವ ಮಾಲೀಕರು. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಒಂದೇ ಓಟದಲ್ಲಿ, ಒಂದೇ ಕುದುರೆಯಿಂದ ಇಬ್ಬರು ಹಣ ಪಡೆಯುತ್ತಾರೆ. ಬಾಜಿ ಕಟ್ಟಿದವರು ಗೆದ್ದರೆ ಏಕದರದ ತೆರಿಗೆ, ಖರ್ಚಿಲ್ಲ. ಕುದುರೆಯ ಮಾಲೀಕರಿಗೆ ಬರುವ ಬಹುಮಾನದ ಮೊತ್ತದಲ್ಲಿ ಮೇವು, ಲಾಯ, ತರಬೇತುದಾರ, ಪಶುವೈದ್ಯರ ಖರ್ಚನ್ನು ಕಳೆಯಬಹುದು. ನಷ್ಟವಾದರೆ ಅದನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ದು, ಅದೇ ಬಗೆಯ ಆದಾಯದಲ್ಲಿ ವಜಾ ಮಾಡಿಕೊಳ್ಳಬಹುದು. ಮಾಲೀಕರ ಖರ್ಚಿಗೆ ಬಿಲ್ಲು, ಪುಸ್ತಕ, ನೋಂದಾಯಿತ ಕುದುರೆ ಎಲ್ಲ ಇವೆ. ಬಾಜಿಗಾರರ ಬಳಿ ಇರುವುದು ಹರಿದ ಚೀಟಿ ಮಾತ್ರ.

ಇನ್ನೂ ಬಲವಾದ ಸಾಕ್ಷಿ 2023ರಲ್ಲಿ ಸಿಕ್ಕಿತು. ಮೊಬೈಲ್‌ನಲ್ಲಿ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಆಡುವವರು ಕೋಟ್ಯಂತರವಾದಾಗ, ಪ್ರತಿ ಆಟದ ಗೆಲುವನ್ನು ಬಿಡಿಬಿಡಿಯಾಗಿ ಹಿಡಿಯುವುದು ಅಸಾಧ್ಯವಾಯಿತು. ಆ ವರ್ಷದ ಹಣಕಾಸು ಕಾಯ್ದೆ ಆನ್‌ಲೈನ್ ಆಟಗಳನ್ನು 115ಬಿಬಿಯಿಂದ ಬೇರೆ ಮಾಡಿ 115ಬಿಬಿಜೆ ಎಂಬ ಹೊಸ ಸೆಕ್ಷನ್‌ಗೆ ತಂದಿತು. ದರ ಅದೇ ಶೇ 30. ಆದರೆ ತೆರಿಗೆ ಬೀಳುವುದು ನಿವ್ವಳ ಗೆಲುವಿನ ಮೇಲೆ. ವರ್ಷದಲ್ಲಿ ಖಾತೆಯಿಂದ ಹಿಂಪಡೆದ ಹಣಕ್ಕೆ ವರ್ಷಾಂತ್ಯದ ಶಿಲ್ಕನ್ನು ಕೂಡಿಸಿ, ಆಟಗಾರ ತನ್ನ ಜೇಬಿನಿಂದ ಹಾಕಿದ ಹಣವನ್ನೂ ವರ್ಷಾರಂಭದ ಶಿಲ್ಕನ್ನೂ ಕಳೆದರೆ ಬರುವುದೇ ನಿವ್ವಳ ಗೆಲುವು. ಮೊದಲಿನ ಉದಾಹರಣೆಯ ನೌಕರ ಇದೇ 60,000 ಹಾಕಿ ಒಂದು ಲಕ್ಷವನ್ನು ಆನ್‌ಲೈನ್ ಆಟದಿಂದ ಪಡೆದಿದ್ದರೆ ಅವನ ತೆರಿಗೆಯ ಆದಾಯ 40,000, ತೆರಿಗೆ ಸೆಸ್ ಸೇರಿ 12,480. ಲಾಟರಿಯಲ್ಲಿ ಕಟ್ಟಿದ್ದು 31,200.

ಎರಡರ ನಡುವೆ ವ್ಯತ್ಯಾಸವಾಗಿದ್ದು ಜೂಜಿನ ಸ್ವಭಾವದಿಂದಲ್ಲ. ಆ್ಯಪ್‌ನಲ್ಲಿ ಹಾಕಿದ, ಸೋತ, ತೆಗೆದ ಪ್ರತಿ ರೂಪಾಯಿಯೂ ಪ್ಯಾನ್‌ಗೆ, ಬ್ಯಾಂಕ್ ಖಾತೆಗೆ ಹೊಂದಿಕೊಂಡು ದಾಖಲಾಗಿರುತ್ತದೆ. ಅಲ್ಲಿ ಬೀದಿಯಿಂದ ಆರಿಸಿ ತಂದ ಸೋಲನ್ನು ತೋರಿಸಲಾಗದು. ಹಾಗಾಗಿ ಸೋಲಿಗೂ ಲೆಕ್ಕ ಸಿಕ್ಕಿತು. ಆದರೆ ಅಲ್ಲೂ ವರ್ಷ ಮುಗಿದಾಗ ನಷ್ಟವೇ ಉಳಿದಿದ್ದರೆ ಅದನ್ನು ಮುಂದಿನ ವರ್ಷಕ್ಕೆ ಒಯ್ಯಲಾಗದು. ಆಟಕ್ಕಾಗಿ ಕೊಂಡ ಮೊಬೈಲ್, ಡೇಟಾ ಪ್ಯಾಕ್, ಸಾಲದ ಬಡ್ಡಿ ಯಾವುದನ್ನೂ ಕಳೆಯಲಾಗದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಹಾಗೆಂದು ಹಿಂದಿನ ವರ್ಷಗಳ ಗೆಲುವಿನ ಬಾಕಿ ಮಾಯವಾಗುವುದಿಲ್ಲ. ನಿಷೇಧಿತ ಆಟದಲ್ಲಿ ಬಂದ ಹಣವೂ ತೆರಿಗೆಯ ಕಣ್ಣಿಗೆ ಆದಾಯವೇ. ಮಟ್ಕಾ ಹಣಕ್ಕೂ ಇದೇ ಮಾತು. ತೆರಿಗೆ ಕಟ್ಟಿದ ಮಾತ್ರಕ್ಕೆ ಆಟ ಕಾನೂನುಬದ್ಧವಾಗುವುದೂ ಇಲ್ಲ.

ಅಮೆರಿಕ ಬೇರೆ ದಾರಿ ಹಿಡಿದಿದೆ. ಅಲ್ಲಿ ಸೋತ ಬಾಜಿಯನ್ನು ಗೆಲುವಿನ ಮಿತಿಯೊಳಗೆ ಕಳೆಯಬಹುದು. ಆದರೆ ಅದಕ್ಕೆ ದಿನಾಂಕ, ಸ್ಥಳ, ಮೊತ್ತ ಬರೆದಿಟ್ಟ ದಿನಚರಿ, ಟಿಕೆಟ್, ರಸೀದಿ ಬೇಕು. 2026ರಿಂದ ಅಲ್ಲೂ ಸೋಲಿನ ಶೇ 90ರಷ್ಟನ್ನು ಮಾತ್ರ ಒಪ್ಪುವ ನಿಯಮ ಬಂದಿದೆ.

ನಮ್ಮಲ್ಲಿ ಅದೃಷ್ಟಕ್ಕಿಂತ ತಿಳಿವಳಿಕೆಯಿಂದ ಗೆದ್ದವರಿಗೂ ಏಕದರವೇ. ಟಿವಿ ಸ್ಪರ್ಧೆಗಳ ಬಹುಮಾನವೂ ಇದರೊಳಗೆ ಬರುತ್ತದೆ ಎಂದು 2001ರಲ್ಲೇ ಕಾಯ್ದೆಗೆ ವಿವರಣೆ ಸೇರಿಸಲಾಯಿತು. 2011ರಲ್ಲಿ ಹಿಂದಿಯ ಕೌನ್ ಬನೇಗಾ ಕರೋಡ್‌ಪತಿಯಲ್ಲಿ ಬಿಹಾರದ ಸುಶೀಲ್ ಕುಮಾರ್ ಐದು ಕೋಟಿ ಗೆದ್ದರು, ತೆರಿಗೆ ಮುರಿದು ಕೈಗೆ ಬಂದದ್ದು ಸುಮಾರು ಮೂರೂವರೆ ಕೋಟಿ. ವರ್ಷಗಟ್ಟಲೆ ಓದಿದ ಪುಸ್ತಕಗಳ ಬೆಲೆ, ಪ್ರಯಾಣದ ವೆಚ್ಚ ಯಾವುದೂ ಲೆಕ್ಕಕ್ಕೆ ಬಾರದು. ಲಾಟರಿಯನ್ನೇ ವ್ಯಾಪಾರ ಮಾಡಿಕೊಂಡವರಿಗೂ ನಿಯಮ ಸಡಿಲವಾಗಿಲ್ಲ. ಮಾರಾಟವಾಗದೆ ತಮ್ಮಲ್ಲೇ ಉಳಿದ ಟಿಕೆಟ್‌ಗೆ ಬಹುಮಾನ ಬಂದಾಗ, ಅದು ತಮ್ಮ ವ್ಯಾಪಾರದ ಆದಾಯ ಎಂದು ವಿತರಕರೊಬ್ಬರು ಕೇರಳ ಹೈಕೋರ್ಟ್‌ನಲ್ಲಿ ವಾದಿಸಿದ್ದರು. ಟಿಕೆಟ್ ಹೇಗೆ ಕೈಯಲ್ಲಿ ಉಳಿದರೂ ಬಂದದ್ದು ಲಾಟರಿ ಗೆಲುವೇ, ಆದ್ದರಿಂದ ವಿಶೇಷ ದರವೇ ಎಂದು ನ್ಯಾಯಾಲಯ ಹೇಳಿತು.

ಗೆದ್ದವರು ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, 10,000 ರೂಪಾಯಿಯ ಗೆರೆ. ಲಾಟರಿಯ ಬಹುಮಾನ ಅದನ್ನು ಮೀರಿದರೆ ಮಾತ್ರ ಮೂಲದಲ್ಲಿ ತೆರಿಗೆ ಮುರಿಯುತ್ತಾರೆ. 2025ರ ಏಪ್ರಿಲ್‌ನಿಂದ ಈ ಮಿತಿಯನ್ನು ಒಂದೊಂದು ಬಹುಮಾನಕ್ಕೆ ಪ್ರತ್ಯೇಕವಾಗಿ ನೋಡುತ್ತಾರೆ. 9,000 ಬಂದರೆ ಪೂರ್ತಿ ಕೈಗೆ ಸಿಗುತ್ತದೆ, ಅದರಿಂದಾಗಿ ಅದಕ್ಕೆ ತೆರಿಗೆಯೇ ಇಲ್ಲ ಎಂದು ಜನ ತಿಳಿಯುತ್ತಾರೆ. ಮುರಿಯುವುದಿಲ್ಲ ಅಷ್ಟೇ, ತೆರಿಗೆ ಇದ್ದೇ ಇದೆ. ರಿಟರ್ನ್ ಸಲ್ಲಿಸುವಾಗ ಅದನ್ನು ಇತರ ಮೂಲಗಳ ಆದಾಯದಲ್ಲಿ ತೋರಿಸಬೇಕು.

ಎರಡು, ಬಾಕಿ ಕಟ್ಟುವ ಸಮಯ. ಲಾಟರಿ ಹೊಡೆಯುತ್ತದೆಂದು ಮೊದಲೇ ತಿಳಿದು ಮುಂಗಡ ತೆರಿಗೆ ಕಟ್ಟಲು ಯಾರಿಂದಲೂ ಆಗದು. ಕಾನೂನು ಇದನ್ನು ಒಪ್ಪಿಕೊಂಡಿದೆ. ಬಹುಮಾನ ಬಂದ ಮೇಲೆ ಉಳಿದಿರುವ ಕಂತುಗಳಲ್ಲಿ, ಕಂತು ಮುಗಿದಿದ್ದರೆ ಮಾರ್ಚ್ 31ರೊಳಗೆ, ಸರ್‌ಚಾರ್ಜ್ ಮತ್ತು ಸೆಸ್‌ನ ಬಾಕಿಯನ್ನು ಕಟ್ಟಿದರೆ ಹಿಂದಿನ ಕಂತು ತಪ್ಪಿದ್ದಕ್ಕೆ ಬಡ್ಡಿ ಬೀಳುವುದಿಲ್ಲ. ಈ ಅವಕಾಶ ಬಿಟ್ಟವರಿಗೆ ಬಡ್ಡಿ ತಿಂಗಳ ಲೆಕ್ಕದಲ್ಲಿ ಏರುತ್ತದೆ.

1961ರ ಆದಾಯ ತೆರಿಗೆ ಕಾಯ್ದೆಯ ಬದಲಿಗೆ 2026ರ ಏಪ್ರಿಲ್ 1ರಿಂದ ಜಾರಿಯಾಗುವ 2025ರ ಕಾಯ್ದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ, ಏಕದರ ಮತ್ತು ಖರ್ಚಿಲ್ಲದ ನಿಯಮ ಹಾಗೆಯೇ ಉಳಿದಿವೆ. ಹೆಸರಿಲ್ಲದ ಕಾಗದದ ಟಿಕೆಟ್ ಇರುವವರೆಗೆ ಈ ನಿಯಮವನ್ನು ಸಮರ್ಥಿಸಬಹುದು. ಸಮರ್ಥಿಸಲಾಗದ್ದು ಬೇರೊಂದಿದೆ: ಟಿಕೆಟ್‌ನ ಮೇಲೂ ಜಾಹೀರಾತಿನಲ್ಲೂ 25 ಕೋಟಿ ಎಂದು ದಪ್ಪಕ್ಷರದಲ್ಲಿ ಮುದ್ರಿಸಿ, ಕೈಗೆ ಬರುವುದು ಅದರ ಅರ್ಧದ ಆಸುಪಾಸು ಎಂಬುದನ್ನು ಎಲ್ಲೂ ಹೇಳದಿರುವುದು. ಲಾಟರಿ ನಡೆಸುವ ರಾಜ್ಯಗಳು ಬಹುಮಾನದ ಪಕ್ಕದಲ್ಲೇ ಕಮಿಷನ್ ಮತ್ತು ತೆರಿಗೆ ಕಳೆದ ಅಂದಾಜು ಮೊತ್ತವನ್ನೂ, ಸೋತ ಟಿಕೆಟ್‌ನ ಬೆಲೆ ತೆರಿಗೆಯಲ್ಲಿ ಲೆಕ್ಕಕ್ಕಿಲ್ಲ ಎಂಬ ಒಂದು ಸಾಲನ್ನೂ ಮುದ್ರಿಸಬೇಕು. ಕೊಳ್ಳುವವರಿಗೆ ಅಷ್ಟು ತಿಳಿಸುವುದು ಸರ್ಕಾರದ ಕರ್ತವ್ಯ.